ಸಂಘದ ಅಧ್ಯಕ್ಷೆಯ ಕೈಯಲ್ಲಿ ಇರುವುದು ಪುಸ್ತಕವೊಂದೇ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕಿನ ಹಳ್ಳಿಗಳಲ್ಲಿ ಮಹಿಳಾ ಸ್ವಸಹಾಯ ಸಂಘವೊಂದು ಒಡೆದರೆ ಜನ ಹೇಳುವ ಮಾತು ಒಂದೇ: 'ಅಧ್ಯಕ್ಷಿ ಗಟ್ಟಿ ಇರಲಿಲ್ಲ'. ಗಟ್ಟಿ ಎಂದರೆ ಜೋರು ಬಾಯಿ, ನಾಲ್ಕು ಮಂದಿಯನ್ನು ಹೆದರಿಸಿ ಕಂತು ತುಂಬಿಸುವ ಶಕ್ತಿ. ಈ ಮಾತನ್ನು ನಾವು ಒಪ್ಪುವುದಿಲ್ಲ. ಸಂಘ ಒಡೆಯುವುದು ಅಧ್ಯಕ್ಷೆ ಮೆತ್ತಗಿದ್ದಾಳೆಂದಲ್ಲ. ರೊಕ್ಕ ಸಭೆಯ ಹೊರಗೆ ಕೈ ಬದಲಾಯಿಸಿದಾಗ ಮತ್ತು ಜಗಳ ಆದಮೇಲೆ ನಿಯಮ ಹುಡುಕಲು ಹೊರಟಾಗ ಸಂಘ ಒಡೆಯುತ್ತದೆ. ಈ ಎರಡನ್ನೂ ತಡೆಯುವುದಕ್ಕೆ ಜೋರು ಬಾಯಿ ಬೇಕಿಲ್ಲ.

ಮೊದಲು ಅಧ್ಯಕ್ಷೆಗೆ ಏನೇನು ಅಧಿಕಾರ ಇಲ್ಲ ಎಂಬುದನ್ನು ನೋಡೋಣ. ಸಂಘದಲ್ಲಿ 10ರಿಂದ 20 ಜನ ಇರುತ್ತಾರೆ. ಇಷ್ಟು ಚಿಕ್ಕ ಗುಂಪು ನೋಂದಣಿ ಮಾಡಿಸಬೇಕಾಗಿಲ್ಲ. ಬ್ಯಾಂಕು ಸಂಘದ ಹೆಸರಿನಲ್ಲೇ ಉಳಿತಾಯ ಖಾತೆ ತೆರೆಯುತ್ತದೆ. ಅಧ್ಯಕ್ಷೆಗೆ ಪಗಾರವಿಲ್ಲ, ಮೊಹರು ಇದ್ದರೂ ಅದಕ್ಕೆ ಕಚೇರಿಯ ಬೆಲೆಯಿಲ್ಲ. ಆಕೆ ಒಬ್ಬಳೇ ಸಹಿ ಮಾಡಿ ಬ್ಯಾಂಕಿನಿಂದ ರೊಕ್ಕ ತೆಗೆಯುವಂತಿಲ್ಲ. ಸಾಲ ಕಟ್ಟದ ಸದಸ್ಯೆಯ ಮನೆ ಸಾಮಾನು ಮುಟ್ಟುವಂತಿಲ್ಲ, ಅವಳ ರೇಷನ್ ಕಾರ್ಡ್ ಇಟ್ಟುಕೊಳ್ಳುವಂತಿಲ್ಲ. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು, ಆಮೇಲೆ ಸಂಜೀವಿನಿ ಬಂತು, ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳೂ ಬಂದವು. ಆದರೂ ಅಧ್ಯಕ್ಷೆಯ ಈ ಸ್ಥಿತಿ ಬದಲಾಗಿಲ್ಲ, ಬದಲಾಗಬೇಕೆಂದು ನಾವು ಕೇಳುತ್ತಲೂ ಇಲ್ಲ. ಅಕ್ಕಪಕ್ಕದ ಮನೆಯ ಹದಿನಾಲ್ಕು ಹೆಂಗಸರ ನಡುವೆ ಒಬ್ಬಳಿಗೆ ದಂಡಾಧಿಕಾರ ಕೊಟ್ಟರೆ ಅದು ಸಂಘವಾಗಿ ಉಳಿಯುವುದಿಲ್ಲ.

ಹಾಗಾದರೆ ಆಕೆಯ ಮಾತು ನಡೆಯುವುದು ಯಾವುದರ ಬಲದಿಂದ? ಸಭೆಯಲ್ಲಿ ಎಲ್ಲರ ಎದುರು ಗಟ್ಟಿಯಾಗಿ ಓದುವ ಪುಸ್ತಕದ ಬಲದಿಂದ. ಇದು ಹೇಗೆಂದು ತಿಳಿಯಬೇಕಾದರೆ ಒಂದು ಜಗಳವನ್ನು ಲೆಕ್ಕ ಸಮೇತ ನೋಡಬೇಕು. ಅದಕ್ಕೂ ಮೊದಲು ನಮ್ಮ ಭಾಗದ ದುಡಿಮೆಯ ಬಗ್ಗೆ ಒಂದು ಮಾತು.

ನಿಪ್ಪಾಣಿ ಕಡೆ ಬೀಡಿ ಕಟ್ಟುವ ಹೆಂಗಸಿಗೆ ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ, ಅದೂ ವಾರದ ಲೆಕ್ಕದಲ್ಲಿ. ಅಥಣಿ, ರಾಯಬಾಗದ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವವಳಿಗೆ ದಿನಗೂಲಿ. ಅದೇ ಓಣಿಯಲ್ಲಿ ಎರಡು ಎಕರೆ ಕಬ್ಬು ಇರುವ ಮನೆಯವಳ ಕೈಗೆ ರೊಕ್ಕ ಸೇರುವುದು ಕಾರ್ಖಾನೆ ಬಿಲ್ ಕೊಟ್ಟಾಗ. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕೆಂದು ಕಾನೂನಿದ್ದರೂ ಎಷ್ಟೋ ಸಲ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಕಂತು ಸಲೀಸು, ತಡವಾದ ತಿಂಗಳು ಎಳೆದಾಟ. ಮೂರು ನಾಲ್ಕು ಬಗೆಯ ದುಡಿಮೆಯವರು ಒಂದೇ ಚಾಪೆಯ ಮೇಲೆ ಕೂತು ವಾರಕ್ಕೆ 50 ರೂಪಾಯಿ ಕಟ್ಟುತ್ತಾರೆ. ಮರಾಠಿ ಮನೆಮಾತಿನವರು ಇದನ್ನು 'ಬಚತ ಗಟ' ಎನ್ನುತ್ತಾರೆ, ಕನ್ನಡದವರು 'ಸಂಘ' ಎನ್ನುತ್ತಾರೆ. ಹೆಸರು ಯಾವುದಾದರೂ ಒಬ್ಬಳಿಗೆ ಸುಲಭವಾದ ನಿಯಮ ಇನ್ನೊಬ್ಬಳಿಗೆ ಭಾರ. ಜಗಳ ಹೆಚ್ಚಾಗಿ ಹುಟ್ಟುವುದು ಇಲ್ಲಿಂದ.

ಈಗ ಲೆಕ್ಕಕ್ಕೆ ಬರೋಣ. ಇದು ಇಂಥದೇ ಊರಿನ ಇಂಥದೇ ಸಂಘದ ಕಥೆಯಲ್ಲ. ಈ ತಾಲೂಕುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಜಗಳವನ್ನು ಒಂದು ಉದಾಹರಣೆಯಾಗಿ ಜೋಡಿಸಿದ್ದೇವೆ.

ಹದಿನಾಲ್ಕು ಜನರ ಸಂಘ. ಸದಸ್ಯೆಯೊಬ್ಬಳು 10,000 ರೂಪಾಯಿ ಸಾಲ ತೆಗೆದಿದ್ದಾಳೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಹತ್ತು ಕಂತು, ಪ್ರತಿ ತಿಂಗಳು 1,000 ಅಸಲು, ಉಳಿದ ಅಸಲಿನ ಮೇಲೆ ಬಡ್ಡಿ. ನಾಲ್ಕು ಕಂತು ಸರಿಯಾಗಿ ಕಟ್ಟಿದಳು, ಅಸಲು 6,000ಕ್ಕೆ ಇಳಿಯಿತು. ಆಮೇಲೆ ಗಂಡ ದವಾಖಾನೆ ಸೇರಿದ. ಹನ್ನೆರಡು ವಾರ ಸಭೆಗೆ ಬರಲಿಲ್ಲ, ಉಳಿತಾಯವನ್ನೂ ಕಟ್ಟಲಿಲ್ಲ. ಸಾಲದ ಪುಸ್ತಕದ ಪ್ರಕಾರ ನಾಲ್ಕು ತಿಂಗಳ ಕಂತು ನಿಂತಿದೆ. ಅಸಲು 6,000, ತಿಂಗಳಿಗೆ 120ರಂತೆ ನಾಲ್ಕು ತಿಂಗಳ ಬಡ್ಡಿ 480, ಒಟ್ಟು 6,480. ಆದರೆ ಅವಳ ಮಾತು ಬೇರೆ: 'ಐದನೇ ಕಂತು ನಾ ಕೊಟ್ಟೀನಿ. ಸಭಾಕ್ಕ ಬರಾಕ ಆಗಲಿಲ್ಲಂತ ಖಜಾಂಚಿ ಅಕ್ಕನ ಮನಿಗೇ ಹೋಗಿ 1,120 ಕೊಟ್ಟ ಬಂದೀನಿ.' ಖಜಾಂಚಿಗೆ ನೆನಪಿಲ್ಲ. ಪುಸ್ತಕದಲ್ಲಿಲ್ಲ. ಅವಳ ಪಾಸ್‌ಬುಕ್ಕಿನಲ್ಲೂ ಇಲ್ಲ.

ಇಲ್ಲಿ ಅಧ್ಯಕ್ಷೆ 'ನನಗ ಇಕಿ ಮ್ಯಾಲೆ ನಂಬಿಕಿ ಐತಿ' ಎಂದರೆ ಸಂಘ ಎರಡು ಪಾಲಾದಂತೆಯೇ. ಆಕೆ ಮಾಡಬೇಕಾದ ಕೆಲಸ ಬೇರೆ. ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಆ ವಾರ ಸಂಘದ ರೊಕ್ಕ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಸಭೆಯ ಮುಂದಿಡಬೇಕು. ಮೊದಲನೆಯದಕ್ಕೆ ಉತ್ತರ ಮನಸ್ಸಿನಲ್ಲಿದೆ, ಎರಡನೆಯದಕ್ಕೆ ಉತ್ತರ ಕಾಗದದಲ್ಲಿದೆ.

ಆ ವಾರದ ನಗದು ಪುಸ್ತಕ ತೆಗೆಯುತ್ತಾರೆ. ಹಿಂದಿನ ವಾರದ ಕೈಶಿಲ್ಕು ಏನೂ ಇಲ್ಲ. ಹಾಜರಿದ್ದವರು 12 ಜನ, ಉಳಿತಾಯ 600. ಬೇರೆ ಸದಸ್ಯೆಯರ ಸಾಲದ ವಾಪಸಾತಿ 2,400. ಒಟ್ಟು ಜಮೆ 3,000. ಆ ದಿನ ಯಾರಿಗೂ ಸಾಲ ಕೊಟ್ಟಿಲ್ಲ. ಅಂದಮೇಲೆ ಮರುದಿನ ಬ್ಯಾಂಕಿಗೆ 3,000 ಹೋಗಬೇಕಿತ್ತು. ಬ್ಯಾಂಕಿನ ಚಲನ್ ನೋಡಿದರೆ 4,120 ತುಂಬಿದೆ. ಹೆಚ್ಚಾದದ್ದು ಸರಿಯಾಗಿ 1,120. ಖಜಾಂಚಿ ರೊಕ್ಕವನ್ನು ಸಂಘದ ಚೀಲಕ್ಕೆ ಹಾಕಿದ್ದಾಳೆ, ಬ್ಯಾಂಕಿಗೂ ತುಂಬಿದ್ದಾಳೆ, ಬರೆಯುವುದು ಮಾತ್ರ ಬಿಟ್ಟುಹೋಗಿದೆ. ಸದಸ್ಯೆ ಸುಳ್ಳು ಹೇಳಿಲ್ಲ, ಖಜಾಂಚಿ ತಿಂದಿಲ್ಲ. ಕಾಲು ಗಂಟೆಯ ಕೆಲಸ. ಇದೇ ಕೆಲಸ ಆಗದೆ ಹೋಗಿದ್ದರೆ ಎರಡು ಮನೆಗಳ ನಡುವೆ ಮಾತು ನಿಂತುಬಿಡುತ್ತಿತ್ತು.

ಆದರೆ ಚಲನ್ನಿನಲ್ಲಿ 3,000 ಮಾತ್ರ ಇದ್ದಿದ್ದರೆ? ಈ ಪ್ರಶ್ನೆಯೇ ಕಷ್ಟದ್ದು. ನಮ್ಮ ಅಭಿಪ್ರಾಯದಲ್ಲಿ ಆಗ ಸಭೆ ಯಾರನ್ನೂ ಕಳ್ಳಿ ಎನ್ನಬಾರದು, ದೇವರ ಮುಂದೆ ಆಣೆ ಮಾಡಿಸಲೂಬಾರದು. ಆಣೆ ಮಾಡಿಸಿದರೆ ಸೋತವಳು ರೊಕ್ಕದ ಜೊತೆ ಊರಿನಲ್ಲಿ ಮುಖವನ್ನೂ ಕಳೆದುಕೊಳ್ಳುತ್ತಾಳೆ. ನೋಡಬೇಕಾದದ್ದು ನಿಯಮ. 'ಸಭೆಯ ಹೊರಗೆ ಕೊಟ್ಟ ರೊಕ್ಕ, ಪಾಸ್‌ಬುಕ್ಕಿನಲ್ಲಿ ಸಹಿ ಇಲ್ಲದಿದ್ದರೆ ಕೊಟ್ಟಂತಲ್ಲ' ಎಂದು ಮೊದಲೇ ಠರಾವು ಆಗಿ ಎಲ್ಲರೂ ಸಹಿ ಮಾಡಿದ್ದರೆ, ಸದಸ್ಯೆಯೇ ಆ ನಷ್ಟ ಹೊರಬೇಕು. ಅಂಥ ಠರಾವು ಇಲ್ಲದೆ, ಮನೆಗೆ ಹೋಗಿ ಕೊಡುವ ರೂಢಿಯನ್ನು ಇಡೀ ಸಂಘವೇ ನಡೆಸಿಕೊಂಡು ಬಂದಿದ್ದರೆ, ತಪ್ಪು ಎಲ್ಲರದು. ಆಗ ಆ 1,120ನ್ನು ಸಂಘದ ಬಡ್ಡಿ ಆದಾಯದಲ್ಲಿ ಕಳೆದು, ಅದೇ ಸಭೆಯಲ್ಲಿ ಮುಂದಿನ ನಿಯಮ ಬರೆಯುವುದು ನ್ಯಾಯ. 14 ಜನರಿಗೆ ತಲಾ 80 ರೂಪಾಯಿ ನಷ್ಟ. ಒಂದು ಸಂಘ ಉಳಿಯುವುದಕ್ಕೆ ಇದು ದೊಡ್ಡ ಬೆಲೆಯಲ್ಲ.

ಉದಾಹರಣೆಗೆ ಮರಳೋಣ. ಐದನೇ ಕಂತು ಜಮೆ ಎಂದು ತಿದ್ದಿದ ಮೇಲೆ ಅಸಲು 5,000. ನಿಂತದ್ದು ಮೂರು ತಿಂಗಳ ಕಂತು, ತಿಂಗಳಿಗೆ 100ರಂತೆ ಬಡ್ಡಿ 300. ಸಾಲದ ಬಾಕಿ 6,480 ಅಲ್ಲ, 5,300. ಇದಲ್ಲದೆ ಹನ್ನೆರಡು ವಾರದ ಉಳಿತಾಯ 600. ಗೈರುಹಾಜರಿಯ ದಂಡ ಸಭೆಗೆ 10 ರೂಪಾಯಿ, ಆದರೆ ಮೊದಲೇ ತಿಳಿಸಿದರೆ ದಂಡವಿಲ್ಲ ಎಂದು ನಿಯಮವಿದೆ. ನಾಲ್ಕು ವಾರ ಅವಳು ಹೇಳಿ ಕಳಿಸಿದ್ದಳು, ಎಂಟು ವಾರ ಹೇಳಿರಲಿಲ್ಲ. ದಂಡ 80. ಎಲ್ಲ ಸೇರಿ 5,980.

ಈಗ ಸಭೆಯಲ್ಲಿ ಎರಡು ದನಿ ಏಳುತ್ತವೆ. ಒಂದು, 'ಅಕಿದು ಉಳತಾಯ ಮುರಕೊಂಡು ಹೆಸರ ತಗದ ಬಿಡ್ರಿ'. ಇನ್ನೊಂದು, 'ಪಾಪ, ಗಂಡ ಬ್ಯಾನಿ ಬಿದ್ದಾನ, ಬಡ್ಡಿ ಬಿಟ್ಟ ಬಿಡ್ರಿ'. ಎರಡೂ ನ್ಯಾಯವಲ್ಲ ಎಂದು ನಾವು ವಾದಿಸುತ್ತೇವೆ.

ಉಳಿತಾಯ ಮುರಿದುಕೊಳ್ಳುವುದನ್ನು ಮೊದಲು ನೋಡೋಣ. ಅವಳ ಹೆಸರಿನಲ್ಲಿ 4,600 ಇದೆ ಎಂದುಕೊಳ್ಳಿ. 5,300ರಲ್ಲಿ ಕಳೆದರೆ 700 ಉಳಿಯುತ್ತದೆ, ಲೆಕ್ಕ ಚೊಕ್ಕಟವಾಗಿ ಕಾಣುತ್ತದೆ. ಆದರೆ ಅದನ್ನು ನೋಡಿದ ಉಳಿದ ಹದಿಮೂರು ಜನ ಕಲಿಯುವ ಪಾಠವೇನು? ಸಂಘದಲ್ಲಿಟ್ಟ ರೊಕ್ಕ ಕಷ್ಟ ಬಂದ ದಿನ ತನ್ನದಲ್ಲ ಎಂಬ ಪಾಠ. ಮರುತಿಂಗಳಿಂದ ಉಳಿತಾಯ ಹೆಚ್ಚಿಸಲು ಯಾರೂ ಒಪ್ಪುವುದಿಲ್ಲ. ಸದಸ್ಯೆ ತಾನಾಗಿ ಬಿಡುತ್ತೇನೆಂದು ಬರೆದುಕೊಟ್ಟರೆ ಮಾತ್ರ ಉಳಿತಾಯಕ್ಕೆ ಬಡ್ಡಿ ಲಾಭದ ಪಾಲು ಸೇರಿಸಿ, ಸಾಲ ಕಳೆದು, ಉಳಿದದ್ದನ್ನು ಸಭೆಯಲ್ಲೇ ಕೈಗೆ ಕೊಡಬೇಕು.

ಹೊರಹಾಕುವ ಮಾತಿನ ಹಿಂದೆ ಬಹಳ ಸಲ ಒಂದು ಹೆದರಿಕೆ ಇರುತ್ತದೆ: ಇವಳೊಬ್ಬಳಿಂದ ಬ್ಯಾಂಕಿನ ಸಾಲ ನಿಂತುಹೋದೀತು. ರಿಸರ್ವ್ ಬ್ಯಾಂಕಿನ ಸೂಚನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಒಬ್ಬ ಸದಸ್ಯೆಯೋ ಅವಳ ಮನೆಯವರೋ ಬ್ಯಾಂಕಿಗೆ ಕಟಬಾಕಿ ಇದ್ದರೂ, ಸಂಘವೇ ಕಟಬಾಕಿಯಾಗಿಲ್ಲದಿದ್ದರೆ ಸಾಮಾನ್ಯವಾಗಿ ಸಂಘಕ್ಕೆ ಸಾಲ ನಿರಾಕರಿಸಬಾರದು. ಆ ಸಾಲದ ರೊಕ್ಕವನ್ನು ಬ್ಯಾಂಕಿಗೆ ಬಾಕಿ ಇರುವ ಸದಸ್ಯೆಗೆ ಹಂಚಬಾರದು, ಅಷ್ಟೆ. ಬ್ಯಾಂಕು ನೋಡುವುದು ಸಂಘದ ಕಂತು ಸರಿಯಾಗಿ ಬರುತ್ತಿದೆಯೇ ಎಂಬುದನ್ನು. ಇದನ್ನು ಅಧ್ಯಕ್ಷೆ ಸಭೆಯಲ್ಲಿ ಹೇಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಇನ್ನು ಬಡ್ಡಿ ಬಿಡುವ ಮಾತು. ದಂಡ ಶಿಸ್ತಿಗಾಗಿ ಇರುವುದು, ಅದನ್ನು ಸಭೆ ಬಿಡಬಹುದು. ಬಡ್ಡಿ ಹಾಗಲ್ಲ, ಅದು ಹದಿನಾಲ್ಕೂ ಜನರ ಗಳಿಕೆ. ಅಧ್ಯಕ್ಷೆ ತನ್ನ ಕರುಣೆಯಿಂದ ಬಿಟ್ಟರೆ ಬೇರೆಯವರ ರೊಕ್ಕದಲ್ಲಿ ದಾನ ಮಾಡಿದಂತೆ. ಬಿಡಲೇಬೇಕೆಂದು ಎಲ್ಲರೂ ಒಪ್ಪಿದರೆ ಕಾರಣವನ್ನು ಠರಾವಿನಲ್ಲಿ ಬರೆಯಬೇಕು: 'ಮನೆಯವರು ಇಷ್ಟು ದಿನಕ್ಕಿಂತ ಹೆಚ್ಚು ದವಾಖಾನೆಯಲ್ಲಿದ್ದರೆ ಇಷ್ಟು ತಿಂಗಳ ಬಡ್ಡಿ ಇಲ್ಲ.' ಮುಂದಿನ ಸಲ ಬಾಯಿಲ್ಲದವಳಿಗೆ, ಬಳಗವಿಲ್ಲದವಳಿಗೆ ಅದೇ ಕಷ್ಟ ಬಂದರೆ ಅದೇ ರಿಯಾಯಿತಿ ಸಿಗಬೇಕು. ಹೀಗೆ ಬರೆಯಲು ಮನಸ್ಸಿಲ್ಲದಿದ್ದರೆ ಆ ರಿಯಾಯಿತಿ ನ್ಯಾಯದ್ದಲ್ಲ, ಸಲಿಗೆಯದು.

ಉಳಿಯುವ ದಾರಿ ಕಂತನ್ನು ಸಣ್ಣದು ಮಾಡುವುದು. 5,000 ಅಸಲನ್ನು ತಿಂಗಳಿಗೆ 500ರಂತೆ ಹತ್ತು ಕಂತು. ಹಳೆಯ ಬಡ್ಡಿ 300ನ್ನು ಮೊದಲ ಮೂರು ತಿಂಗಳಲ್ಲಿ ನೂರು ನೂರು. ಮೊದಲ ತಿಂಗಳು ಅವಳು ಕಟ್ಟುವುದು 500 ಅಸಲು, 100 ಆ ತಿಂಗಳ ಬಡ್ಡಿ, 100 ಹಳೆ ಬಡ್ಡಿ, ಒಟ್ಟು 700. ಮೊದಲು 1,100ರ ಆಸುಪಾಸಿನಲ್ಲಿದ್ದ ಹೊರೆ ಇಷ್ಟಕ್ಕೆ ಇಳಿಯುತ್ತದೆ. ತಪ್ಪಿದ ಉಳಿತಾಯಕ್ಕೆ ವಾರಕ್ಕೆ 25 ಹೆಚ್ಚು ಕಟ್ಟಿದರೆ 24 ವಾರದಲ್ಲಿ 600 ತುಂಬುತ್ತದೆ. ಇದು ಕಟ್ಟಬಹುದಾದ ಲೆಕ್ಕವೋ ಅಲ್ಲವೋ ಎಂದು ಅವಳನ್ನೇ ಕೇಳಬೇಕು. ಸಭೆಯ ಮುಂದೆ ಅವಳೇ ಒಪ್ಪಿದ ಸಂಖ್ಯೆಗೆ ಇರುವ ತೂಕ ಹೊರಿಸಿದ ಸಂಖ್ಯೆಗೆ ಇರುವುದಿಲ್ಲ.

ಈ ಇಡೀ ಪ್ರಸಂಗದಲ್ಲಿ ಅಧ್ಯಕ್ಷೆ ತೀರ್ಪು ಕೊಟ್ಟಿಲ್ಲ ಎಂಬುದನ್ನು ಗಮನಿಸಬೇಕು. ಪುಸ್ತಕ ತೆಗೆಸಿದಳು, ಲೆಕ್ಕ ಓದಿಸಿದಳು, ಎರಡೂ ದನಿಗೆ ಮಾತಾಡಲು ಬಿಟ್ಟಳು, ಠರಾವು ಬರೆಸಿ ಸಹಿಗೆ ಮೊದಲು ಮತ್ತೊಮ್ಮೆ ಓದಿಸಿದಳು. ಈ ಕೊನೆಯ ಹೆಜ್ಜೆಯನ್ನೇ ಅನೇಕ ಕಡೆ ಬಿಡುತ್ತಾರೆ. ಸಹಿಯನ್ನು ಮೊದಲೇ ಹಾಕಿಸಿಕೊಂಡು ಠರಾವನ್ನು ಆಮೇಲೆ ಮನೆಯಲ್ಲಿ ಬರೆಯುವ ರೂಢಿ ಇದೆ. ಹೆಬ್ಬೆಟ್ಟು ಒತ್ತುವವರು ಒಬ್ಬರಿದ್ದರೂ ಇದು ದೊಡ್ಡ ಅನ್ಯಾಯ. ನಿಪ್ಪಾಣಿ, ಕಾಗವಾಡದಂಥ ಕಡೆ ಓದುವಾಗ ಕನ್ನಡದ ಜೊತೆ ಮರಾಠಿಯಲ್ಲೂ ಹೇಳಬೇಕು. ಇಲ್ಲದಿದ್ದರೆ ಓದಿದಂತಾಗುವುದಿಲ್ಲ.

ಹಳ್ಳಿಯಲ್ಲಿ ಇನ್ನೊಂದು ತೊಡಕು ಬಳಗದ್ದು. ಖಜಾಂಚಿ ಅಧ್ಯಕ್ಷೆಗೆ ನೆಗೆಣ್ಣಿಯೋ ನಾದಿನಿಯೋ ಆಗಿರುತ್ತಾಳೆ. ಆಗ ಅಧ್ಯಕ್ಷೆ ಎಷ್ಟೇ ನೆಟ್ಟಗೆ ನಡೆದುಕೊಂಡರೂ ಉಳಿದವರಿಗೆ ಸಂಶಯ ಹೋಗುವುದಿಲ್ಲ. ಸುಲಭದ ಉಪಾಯವೊಂದಿದೆ: ತನ್ನ ಮನೆಯವರ ವಿಷಯ ಬಂದ ದಿನ ಸಭೆ ನಡೆಸುವ ಕೆಲಸವನ್ನು ಬೇರೊಬ್ಬ ಸದಸ್ಯೆಗೆ ಕೊಟ್ಟು, ತಾನು ಉಳಿದವರ ಸಾಲಿನಲ್ಲಿ ಕೂರುವುದು. ಸಭೆ ಎಲ್ಲಿ ಸೇರುತ್ತದೆ ಎಂಬುದೂ ಇದೇ ಬಗೆಯ ಪ್ರಶ್ನೆ. ಅಧ್ಯಕ್ಷೆಯ ಮನೆಯ ಪಡಸಾಲೆಯಲ್ಲಿ ಸೇರಿದರೆ ಅಲ್ಲಿ ಆಕೆ ಯಜಮಾನಿ, ಉಳಿದವರು ಅತಿಥಿಗಳು. ಕೆಲವು ಮನೆಗಳ ಹೊಸ್ತಿಲು ದಾಟಲು ದಲಿತ ಹೆಂಗಸರಿಗೆ ಇಂದಿಗೂ ಹಿಂಜರಿಕೆಯಾಗುವಂಥ ಊರುಗಳಿವೆ. ಅಂಗನವಾಡಿಯಲ್ಲೋ ಶಾಲೆಯ ಜಗುಲಿಯಲ್ಲೋ ಚಾಪೆ ಹಾಸಿದರೆ ಎಲ್ಲರೂ ಒಂದೇ ಎತ್ತರದಲ್ಲಿ ಕೂರುತ್ತಾರೆ.

ವಸೂಲಿಗೆಂದು ಸದಸ್ಯೆಯ ಮನೆ ಮುಂದೆ ಗುಂಪಾಗಿ ಕೂರುವ ಪದ್ಧತಿಯ ಬಗ್ಗೆಯೂ ಹೇಳಲೇಬೇಕು. ಇದು ಸಂಘದ ಪದ್ಧತಿಯೇ ಅಲ್ಲ. ಮೈಕ್ರೋಫೈನಾನ್ಸ್ ಕಂಪನಿಗಳ ಗುಂಪು ಸಾಲದಿಂದ ನಮ್ಮ ಓಣಿಗೆ ಬಂದದ್ದು. ಅಲ್ಲಿ ರೊಕ್ಕ ಕಂಪನಿಯದು, ಒಬ್ಬಳು ತಪ್ಪಿಸಿದರೆ ಉಳಿದವರ ತಲೆಗೆ ಬರುತ್ತದೆ, ಅದಕ್ಕೇ ಬಾಗಿಲಲ್ಲಿ ಕೂರಿಸುತ್ತಾರೆ. ಕಿರುಕುಳದ ದೂರುಗಳು ಹೆಚ್ಚಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಎಷ್ಟೋ ಮಹಿಳೆಯರು ಸಂಘದಲ್ಲೂ ಇದ್ದಾರೆ, ಅಂಥ ಗುಂಪಿನಲ್ಲೂ ಇದ್ದಾರೆ. ಅಲ್ಲಿಯ ಕಂತಿಗೆಂದು ಇಲ್ಲಿ ಸಾಲ ಎತ್ತುತ್ತಾರೆ. ಹೀಗಾಗುತ್ತಿದೆ ಎಂದು ತಿಳಿಯುವ ಗುರುತುಗಳಿವೆ: ಸಾಲದ ಕಾರಣ ಕೇಳಿದರೆ ಪ್ರತಿ ಸಲವೂ 'ಮನಿ ಖರ್ಚಿಗೆ' ಎಂಬ ಉತ್ತರ, ಕಂಪನಿಯ ಕಂತಿನ ದಿನದ ಹಿಂದುಮುಂದು ಬರುವ ಬೇಡಿಕೆ, ಹಳೆಯದು ತೀರಿದ ವಾರವೇ ಹೊಸದಕ್ಕೆ ಅರ್ಜಿ. ಇಂಥವಳ ಬಾಗಿಲಲ್ಲಿ ಕೂತರೆ ಅವಳು ಮೂರನೇ ಕಡೆ ಸಾಲ ಹುಡುಕುತ್ತಾಳೆ. ಇಬ್ಬರು ಸದಸ್ಯೆಯರು ಹೋಗಿ ಎಲ್ಲೆಲ್ಲಿ ಎಷ್ಟು ಸಾಲವಿದೆ ಎಂದು ಕೂತು ಕೇಳಿದರೆ ಸಂಘದ ರೊಕ್ಕಕ್ಕೆ ದಾರಿ ಸಿಗುವ ಸಾಧ್ಯತೆ ಹೆಚ್ಚು.

ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. 2005, 2019, 2021ರಲ್ಲಿ ಹೊಳೆ ಏರಿದಾಗ ಊರಿಗೆ ಊರೇ ಮನೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋಗಬೇಕಾಯಿತು. ಅಂಥ ದಿನಗಳಲ್ಲಿ ಪುಸ್ತಕ ಯಾರ ಕೈಯಲ್ಲಿರಬೇಕು, ಎಷ್ಟು ವಾರ ಕಂತಿಗೆ ಬಿಡುವು, ಬಿಡುವಿನ ಬಡ್ಡಿ ಹೇಗೆ, ಮತ್ತೆ ಸಭೆ ಯಾವ ವಾರದಿಂದ ಎಂಬ ಠರಾವು ಮೇ ತಿಂಗಳಲ್ಲೇ ಆಗಿರಬೇಕು. ಆಗ ಯಾರ ಮನೆಗೆ ನೀರು ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೇ ನಿಯಮ ನ್ಯಾಯವಾಗಿ ಬರುತ್ತದೆ. ಆಗಸ್ಟಿನಲ್ಲಿ ಕೂತರೆ ಎತ್ತರದ ಓಣಿಯವರು ಒಂದು ಮಾತಾಡುತ್ತಾರೆ, ತಗ್ಗಿನ ಓಣಿಯವರು ಇನ್ನೊಂದು.

ಅಧಿಕಾರಿಗಳಿಗೆ ನಮ್ಮ ಬೇಡಿಕೆ ದೊಡ್ಡದಲ್ಲ. ತಾಲೂಕು ಮಟ್ಟದ ತರಬೇತಿಯಲ್ಲಿ ಪುಸ್ತಕ ಬರೆಯುವುದನ್ನು ಕಲಿಸುತ್ತಾರೆ, ಬ್ಯಾಂಕಿನ ಅರ್ಜಿ ತುಂಬುವುದನ್ನು ಕಲಿಸುತ್ತಾರೆ. ನಗದು ಪುಸ್ತಕ, ಪಾಸ್‌ಬುಕ್, ಚಲನ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದು ಜಗಳ ಬಿಡಿಸುವುದನ್ನು ಅರ್ಧ ದಿನವಾದರೂ ಮಾಡಿಸಲಿ. ಪರಿಶೀಲನೆಗೆ ಬರುವ ಒಕ್ಕೂಟದವರು ಅಧ್ಯಕ್ಷೆಯನ್ನು ಮಾತ್ರ ಮಾತಾಡಿಸಿ ಹೋಗದೆ, ಮೂಲೆಯಲ್ಲಿ ಕೂತ ಯಾರಾದರೂ ಇಬ್ಬರು ಸದಸ್ಯೆಯರಿಗೆ 'ನಿಮ್ಮ ಉಳತಾಯ ಎಷ್ಟ ಆಗೇತ್ರಿ, ಸಾಲ ಎಷ್ಟ ಉಳದೈತ್ರಿ' ಎಂದು ಕೇಳಿ ಪುಸ್ತಕಕ್ಕೆ ತಾಳೆ ನೋಡಲಿ. ಎರಡೂ ಒಂದೇ ಬಂದರೆ ಆ ಸಂಘದ ಅಧ್ಯಕ್ಷೆ ತನ್ನ ಕೆಲಸ ಮಾಡಿದ್ದಾಳೆ ಎಂದು ತಿಳಿಯಬಹುದು, ಆಕೆಯ ಬಾಯಿ ಜೋರಿರಲಿ ಮೆತ್ತಗಿರಲಿ.